ಎಡಕ್ಕೆ ತಿರುಗಿದರೆ ರೀಸೆಟ್: ರೋಬೋಟ್ ಕಂಟ್ರೋಲರ್ ಬೋರ್ಡಿನಲ್ಲಿ ದೋಷ ಹುಡುಕಿದ ಬಗೆ

ಒಂದು ಕಾಲೇಜು ತಂಡ ತಾವೇ ಡಿಸೈನ್ ಮಾಡಿದ ಬೋರ್ಡ್ ಹಿಡಿದುಕೊಂಡು ಬಂದಿತ್ತು. ಎರಡು ಚಕ್ರದ ರೋಬೋಟ್, ಮೇಲೆ ಪುಟ್ಟ ತೋಳು. "ಸರ್, ಮುಂದಕ್ಕೆ ಚೆನ್ನಾಗಿ ಓಡುತ್ತೆ. ತಿರುಗಿಸಿದರೆ ಪ್ರೊಸೆಸರ್ ರೀಸೆಟ್ ಆಗುತ್ತೆ. ಪವರ್ ಸಾಕಾಗ್ತಿಲ್ಲ ಅನ್ಸುತ್ತೆ" ಅಂದರು. ಮೋಟಾರು ಉಲ್ಟಾ ತಿರುಗುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಚಿಪ್ ರೀಸೆಟ್ ಆಗುತ್ತದೆ. ಕೇಳಿದ ಯಾರೇ ಆದರೂ ಇದನ್ನೇ ಹೇಳುತ್ತಾರೆ. ಎಸ್.ಪಿ. ರೋಡಿಗೆ ಹೋಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದು ಬ್ಯಾಟರಿ ಕನೆಕ್ಟರಿಗೆ ಬೆಸುಗೆ ಹಾಕಿಯೂ ಆಗಿತ್ತು. ಏನೂ ಬದಲಾಗಿರಲಿಲ್ಲ.

ಕೆಪಾಸಿಟರ್ ಹಾಕಿದರೂ ಏನೂ ಬದಲಾಗಲಿಲ್ಲ ಅನ್ನೋದೇ ಇಲ್ಲಿ ಸಿಕ್ಕ ಮೊದಲ ಮಾಹಿತಿ. ಅದನ್ನು ಹಿಡಿದು ಮುಂದೆ ಹೋದದ್ದು ಹೇಗೆ ಅಂತ ಒಂದೊಂದಾಗಿ ಬರೆಯುತ್ತೇನೆ.

ಬೋರ್ಡಿನಲ್ಲಿ ಏನೇನಿದೆ

ಎರಡು ಪದರದ ಬೋರ್ಡ್. ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ, ಪೂರ್ತಿ ಚಾರ್ಜ್ ಆದರೆ 12.6 ವೋಲ್ಟ್. ಅದರಿಂದ ಒಂದು ಬಕ್ ರೆಗ್ಯುಲೇಟರ್ 5 ವೋಲ್ಟ್ ಮಾಡುತ್ತದೆ, 3 ಆಂಪಿಯರ್ ವರೆಗೆ. ಆ 5 ವೋಲ್ಟಿನಿಂದ ತೋಳಿನ ಸರ್ವೋಗಳು ನಡೆಯುತ್ತವೆ. ಅದೇ 5 ವೋಲ್ಟಿನಿಂದ AMS1117 ಪ್ರೊಸೆಸರಿಗೆ 3.3 ವೋಲ್ಟ್ ಕೊಡುತ್ತದೆ. ಪ್ರೊಸೆಸರ್ STM32F405RGT6. ಎರಡು ಮೋಟಾರಿಗೆ ಎರಡು DRV8871 ಡ್ರೈವರ್. ಈ ಡ್ರೈವರಿನಲ್ಲಿ ಕರೆಂಟ್ ಮಿತಿಯನ್ನು ಒಂದು ರೆಸಿಸ್ಟರ್ ನಿರ್ಧರಿಸುತ್ತದೆ: 64ನ್ನು ಕಿಲೋ ಓಮ್‌ನಲ್ಲಿರುವ ಬೆಲೆಯಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಇವರು 20 ಕಿಲೋ ಓಮ್ ಹಾಕಿದ್ದರು, ಅಂದರೆ ಒಂದು ಮೋಟಾರಿಗೆ 3.2 ಆಂಪಿಯರ್.

ಮೊದಲ ಸಲ ಪವರ್ ಕೊಡುವ ಕೆಲಸವನ್ನು ತಂಡ ಅಚ್ಚುಕಟ್ಟಾಗಿಯೇ ಮಾಡಿತ್ತು. ಬ್ಯಾಟರಿ ಮುಟ್ಟುವ ಮೊದಲು ಮಲ್ಟಿಮೀಟರಿನಲ್ಲಿ ಬ್ಯಾಟರಿ, 5 ವೋಲ್ಟ್, 3.3 ವೋಲ್ಟ್ ಈ ಮೂರು ಲೈನಿಗೂ ಗ್ರೌಂಡಿಗೂ ನಡುವೆ ಶಾರ್ಟ್ ಇಲ್ಲವೆಂದು ನೋಡಿದ್ದರು. ಆಮೇಲೆ ಬೆಂಚ್ ಸಪ್ಲೈಯಲ್ಲಿ ಕರೆಂಟ್ ಮಿತಿಯನ್ನು 100 ಮಿಲಿಆಂಪಿಯರಿಗೆ ಇಳಿಸಿ 12 ವೋಲ್ಟ್ ಕೊಟ್ಟಿದ್ದರು. ಮಿತಿ ಇದ್ದರೆ ಎಲ್ಲೋ ಒಂದು ಕಾಲು ಉಲ್ಟಾ ಬೆಸುಗೆಯಾಗಿದ್ದರೂ ಹೊಗೆ ಬರುವುದಿಲ್ಲ, ಸಪ್ಲೈ ಕುಸಿಯುತ್ತದೆ ಅಷ್ಟೆ. 5 ಮತ್ತು 3.3 ಸರಿಯಾಗಿ ಬಂದ ಮೇಲೆ `VCAP_1`, `VCAP_2` ಕಾಲುಗಳಲ್ಲಿ ಸುಮಾರು 1.2 ವೋಲ್ಟ್ ಇದೆಯೇ ಎಂದು ಅಳೆದಿದ್ದರು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಈ ಚಿಪ್ಪಿನ ಒಳಗಿನ ರೆಗ್ಯುಲೇಟರ್ ಬದುಕಿದೆ ಅನ್ನೋದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಇಲ್ಲ. ಅಲ್ಲಿ 2.2 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆತರೆ ಪ್ರೋಗ್ರಾಂ ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಾ ತಲೆ ತಿನ್ನುತ್ತದೆ. ಇಲ್ಲಿ ಅದೆಲ್ಲ ಸರಿಯಿತ್ತು. ಹಾಗಾಗಿ ಬೆಸುಗೆಯ ಮೇಲಿನ ಅನುಮಾನ ಬಿಟ್ಟೆ.

ಪವರ್ ಟ್ರೇಸಿನ ಲೆಕ್ಕ

ತಂಡದ ಅನುಮಾನ ಟ್ರೇಸ್ ಸಣ್ಣದಾಯಿತು ಅಂತ. ಇದನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು. ಮಾಮೂಲಿ 35 ಮೈಕ್ರಾನ್ ತಾಮ್ರದಲ್ಲಿ ಒಂದು ಚೌಕಕ್ಕೆ ಸುಮಾರು ಅರ್ಧ ಮಿಲಿ ಓಮ್. ಚೌಕ ಅಂದರೆ ಟ್ರೇಸಿನ ಅಗಲ ಎಷ್ಟೋ ಉದ್ದವೂ ಅಷ್ಟೇ ಇರುವ ತುಂಡು, ಅದರ ಗಾತ್ರ ಎಷ್ಟಾದರೂ ಇರಲಿ. ಬ್ಯಾಟರಿಯಿಂದ ಡ್ರೈವರಿಗೆ ಇವರು ಎಳೆದ ಟ್ರೇಸ್ 60 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲ. ಅಂದರೆ 20 ಚೌಕ, 10 ಮಿಲಿ ಓಮ್. ಎರಡೂ ಮೋಟಾರು ಮಿತಿ ಮುಟ್ಟಿ 6.4 ಆಂಪಿಯರ್ ಎಳೆದರೂ ಅಲ್ಲಿ ಕಳೆದುಹೋಗುವುದು 64 ಮಿಲಿವೋಲ್ಟ್. 12 ವೋಲ್ಟಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಬ್ಯಾಟರಿಯೇ 9 ವೋಲ್ಟಿಗೆ ಇಳಿದರೂ ಬಕ್ ರೆಗ್ಯುಲೇಟರಿಗೆ 5 ವೋಲ್ಟ್ ಕೊಡಲು ಏನೂ ಕಷ್ಟವಿಲ್ಲ.

ಸ್ಕೋಪಿನಲ್ಲೂ ನೋಡಿದೆವು. ಪ್ರೋಬಿನ ಉದ್ದನೆಯ ಗ್ರೌಂಡ್ ವೈರ್ ತೆಗೆದು, ತುದಿಗೆ ಸಿಕ್ಕಿಸುವ ಪುಟ್ಟ ಸ್ಪ್ರಿಂಗ್ ಹಾಕಿ, ಪ್ರೊಸೆಸರಿನ ಪವರ್ ಕಾಲಿನ ಹತ್ತಿರವೇ ಇಟ್ಟೆವು. ಉದ್ದ ವೈರ್ ಇದ್ದರೆ ಅದೇ ಆಂಟೆನಾ ಆಗಿ ಇಲ್ಲದ ಏರಿಳಿತ ತೋರಿಸುತ್ತದೆ. ಇಲ್ಲಿ 3.3 ವೋಲ್ಟ್ ಲೈನ್ ನೆಟ್ಟಗೆ ನಿಂತಿತ್ತು. ರೀಸೆಟ್ ಆದ ಗಳಿಗೆಯಲ್ಲೂ ಕುಸಿತವಿಲ್ಲ.

ಚಿಪ್ಪನ್ನೇ ಕೇಳಿ

ನಿಜ ಹೇಳಬೇಕೆಂದರೆ ಸ್ಕೋಪಿಗೂ ಮೊದಲು ಮಾಡಬೇಕಾದ ಕೆಲಸ ಇದು. ಏಕೆ ರೀಸೆಟ್ ಆದೆ ಅನ್ನೋದನ್ನು STM32 ಬರೆದಿಟ್ಟುಕೊಳ್ಳುತ್ತದೆ. `main` ಶುರುವಾದ ಕೂಡಲೇ ಓದಿ ಒಂದು ಕಡೆ ಇಟ್ಟುಕೊಳ್ಳಿ, ಅಳಿಸಿ. ಸೀರಿಯಲ್ ಪೋರ್ಟ್ ತಯಾರಾದ ಮೇಲೆ ಮುದ್ರಿಸಿ:

```c
uint32_t why = RCC->CSR & 0xFE000000;
RCC->CSR |= RCC_CSR_RMVF;
/* UART ಶುರುವಾದ ಮೇಲೆ */
printf("reset: %08lX\r\n", (unsigned long)why);
```

ಎರಡನೇ ಸಾಲು ಬಿಟ್ಟರೆ ಹಳೆಯ ಗುರುತುಗಳು ಅಲ್ಲೇ ಉಳಿದು ಹೊಸದರ ಜೊತೆ ಕಲಸಿಕೊಳ್ಳುತ್ತವೆ. ಆಮೇಲೆ ಯಾವುದು ಯಾವಾಗಿನದು ಅಂತ ತಿಳಿಯುವುದಿಲ್ಲ.

ಪವರ್ ಪೂರ್ತಿ ಹೋಗಿ ಬಂದಿದ್ದರೆ `0E000000` ಕಾಣಿಸುತ್ತದೆ. ಪ್ರೋಗ್ರಾಮೇ ರೀಸೆಟ್ ಮಾಡಿಕೊಂಡಿದ್ದರೆ `14000000`, ವಾಚ್‌ಡಾಗ್ ಕಚ್ಚಿದ್ದರೆ `24000000`. ಇವೆಲ್ಲದರಲ್ಲೂ `04000000` ಸೇರಿಕೊಂಡಿದೆ, ಗಮನಿಸಿ. ಅದು ರೀಸೆಟ್ ಕಾಲಿನ ಗುರುತು. ಒಳಗಿನಿಂದ ಯಾವ ರೀಸೆಟ್ ಬಂದರೂ ಚಿಪ್ ತನ್ನ `NRST` ಕಾಲನ್ನು ತಾನೇ ಕೆಳಗೆ ಎಳೆಯುತ್ತದೆ, ಹಾಗಾಗಿ ಆ ಬಿಟ್ ಯಾವಾಗಲೂ ಏರಿರುತ್ತದೆ. ಅದನ್ನು ನೋಡಿ "ಓ, ರೀಸೆಟ್ ಬಟನ್ ಸಮಸ್ಯೆ" ಅಂತ ಹೊರಡಬಾರದು. ಅದು ಒಂಟಿಯಾಗಿ ಬಂದರೆ ಮಾತ್ರ ಅರ್ಥ: ಹೊರಗಿನಿಂದ ಯಾವುದೋ `NRST` ಕಾಲನ್ನು ಕೆಳಗೆಳೆದಿದೆ.

ನಮಗೆ ಬಂದದ್ದು `04000000`. ಪ್ರತಿ ಸಲವೂ ಅದೇ. ಅಲ್ಲಿಗೆ ಪವರಿನ ಮಾತು ಮುಗಿಯಿತು. ಹಾಕಿದ 1000 ಮೈಕ್ರೋಫ್ಯಾರಡ್ ಏಕೆ ಕೆಲಸ ಮಾಡಲಿಲ್ಲ ಅನ್ನೋದಕ್ಕೂ ಉತ್ತರ ಸಿಕ್ಕಿತು.

ಮೋಟಾರು ಕಿತ್ತರೂ ರೀಸೆಟ್

ಈಗ ಲಕ್ಷಣಗಳನ್ನು ಮತ್ತೆ ಕೇಳಿದೆ. ತಿರುಗಿಸಿದರೆ ಅಂದರೆ ಯಾವ ಕಡೆಗೆ? ಯೋಚಿಸಿ ಹೇಳಿದರು: ಎಡಕ್ಕೆ. ಬಲಕ್ಕೆ ತಿರುಗಿದರೆ ಏನೂ ಆಗುವುದಿಲ್ಲ. ಎಡಕ್ಕೆ ತಿರುಗುವಾಗ ಹಿಂದಕ್ಕೆ ಓಡುವುದು ಎಡ ಮೋಟಾರು. ಇನ್ನೊಂದು ಮಾತು ಅವರೇ ಹೇಳಿದರು, ಅದಕ್ಕೆ ಅಷ್ಟು ಬೆಲೆ ಕೊಡದೆ: ಬ್ಯಾಟರಿ ಹೊಸದಾಗಿ ಚಾರ್ಜ್ ಆಗಿದ್ದಾಗ ಕಾಟ ಜಾಸ್ತಿ, ಇಳಿಯುತ್ತಾ ಬಂದ ಹಾಗೆ ಕಡಿಮೆ. ವೋಲ್ಟೇಜ್ ಕುಸಿತದ ದೋಷ ಹೀಗಿರುವುದಿಲ್ಲ ಅಲ್ವಾ? ಅದು ಇದಕ್ಕೆ ಸರಿಯಾಗಿ ಉಲ್ಟಾ ಇರಬೇಕು.

ಎಡ ಮೋಟಾರಿನ ಎರಡೂ ವೈರ್ ಕಿತ್ತು, ಹಿಂದಕ್ಕೆ ಓಡು ಅಂತ ಆಜ್ಞೆ ಕೊಟ್ಟೆವು. ರೀಸೆಟ್ ಆಯಿತು.

ಮೋಟಾರೇ ಇಲ್ಲ, ಕರೆಂಟೂ ಇಲ್ಲ. ಹಾಗಾದರೆ ಉಳಿದದ್ದು ವೋಲ್ಟೇಜಿನ ಏರಿಳಿತ ಮಾತ್ರ. ಇವರ ಪ್ರೋಗ್ರಾಮಿನಲ್ಲಿ ಡ್ರೈವರಿನ ಒಂದು ಇನ್‌ಪುಟ್ ಯಾವಾಗಲೂ ಮೇಲಿರುತ್ತದೆ, ಇನ್ನೊಂದಕ್ಕೆ ಪಿ.ಡಬ್ಲ್ಯು.ಎಂ. ಹೋಗುತ್ತದೆ. ಹೀಗೆ ನಡೆಸಿದರೆ ಮುಂದಕ್ಕೆ ಓಡುವಾಗ `OUT1` ಸೆಕೆಂಡಿಗೆ 20,000 ಸಲ 12 ವೋಲ್ಟಿಗೂ ಸೊನ್ನೆಗೂ ನಡುವೆ ಜಿಗಿಯುತ್ತದೆ, `OUT2` ಕೆಳಗೇ ಕೂತಿರುತ್ತದೆ. ಹಿಂದಕ್ಕೆ ಓಡುವಾಗ ಜಿಗಿಯುವುದು `OUT2`. ಮೋಟಾರು ಇರಲಿ ಬಿಡಲಿ, ಜಿಗಿತ ಇದ್ದೇ ಇರುತ್ತದೆ. ಅಂದರೆ ಎಡ ಡ್ರೈವರಿನ `OUT2` ಹತ್ತಿರ `NRST` ಎಲ್ಲೋ ಹಾದುಹೋಗಿರಬೇಕು.

ಕೈಕ್ಯಾಡ್ ತೆಗೆದು `NRST` ನೆಟ್ ಬೆಳಗಿಸಿ ನೋಡಿದೆವು. ಪ್ರೊಸೆಸರಿನ 7ನೇ ಕಾಲಿನಿಂದ ಹೊರಟ ಟ್ರೇಸ್ ಬೋರ್ಡಿನ ಅಂಚಿನಲ್ಲಿರುವ ಬಟನ್ ಜಾಗದವರೆಗೆ ಹೋಗಿತ್ತು. ದಾರಿಯಲ್ಲಿ 55 ಮಿಲಿಮೀಟರ್ ಉದ್ದಕ್ಕೆ ಎಡ ಡ್ರೈವರಿನ `OUT2` ಟ್ರೇಸಿನ ಪಕ್ಕದಲ್ಲೇ, 0.2 ಮಿಲಿಮೀಟರ್ ಅಂತರದಲ್ಲಿ. ಡಿಸೈನ್ ನಿಯಮಗಳ ಪರೀಕ್ಷೆ ಇದನ್ನು ಪಾಸ್ ಮಾಡಿತ್ತು. ಮಾಡಲೇಬೇಕು, ಏಕೆಂದರೆ ಅದು ನೋಡುವುದು ಅಂತರ ಮಾತ್ರ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಸ್ಕೀಮ್ಯಾಟಿಕ್‌ನಲ್ಲಿ ಸಿಕ್ಕಿತು. ರೀಸೆಟ್ ಬಟನ್ ಮತ್ತು ಅದರ ಪಕ್ಕದ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಎರಡನ್ನೂ "ಹಾಕಬೇಡಿ" ಎಂದು ಗುರುತಿಸಿದ್ದರು. ಬಟನ್ ಬೇಡ, ಆದ್ದರಿಂದ ಅದರ ಜೊತೆಗಾರನೂ ಬೇಡ. ಆದರೆ ಆ ಕೆಪಾಸಿಟರ್ ಬಟನ್ನಿಗಾಗಿ ಅಷ್ಟೇ ಅಲ್ಲ. ರೀಸೆಟ್ ಕಾಲನ್ನು ಇಂಥ ಗದ್ದಲದಿಂದ ಕಾಪಾಡಲಿಕ್ಕೆ ಅದು ಬೇಕು ಅಂತ ಚಿಪ್ಪಿನ ಡೇಟಾಶೀಟಿನ ಚಿತ್ರವೇ ತೋರಿಸುತ್ತದೆ.

ಪ್ರೋಬ್ ಇಟ್ಟರೆ ದೋಷ ಮಾಯ

ಸರಿ, `NRST` ಮೇಲೆ ಸ್ಕೋಪ್ ಪ್ರೋಬ್ ಇಟ್ಟು ನೋಡೋಣ ಅಂದರೆ ರೀಸೆಟ್ ನಿಂತೇ ಹೋಯಿತು. ತೆಗೆದರೆ ಮತ್ತೆ ಶುರು. ಆಗ ಹುಡುಗರಿಗೆ ಇನ್ನೊಂದು ನೆನಪಾಯಿತು: ಡಿಬಗ್ಗರ್ ಕೇಬಲ್ ಸಿಕ್ಕಿಸಿದ್ದಾಗ ಎಂದೂ ರೀಸೆಟ್ ಆಗಿರಲಿಲ್ಲ, ಅದಕ್ಕೇ ಪ್ರೋಗ್ರಾಮಿನಲ್ಲಿ ದೋಷ ಹಿಡಿಯಲು ಆಗದೆ ಒದ್ದಾಡಿದ್ದರು.

ಇದು ದೆವ್ವದ ಕಾಟವಲ್ಲ, ಲೆಕ್ಕ ಸರಿಯಾಗಿ ಕೂಡುತ್ತದೆ. ಎರಡು ಟ್ರೇಸ್ ಪಕ್ಕಪಕ್ಕ ಓಡಿದರೆ ಅವುಗಳ ನಡುವೆ ಪುಟ್ಟ ಕೆಪಾಸಿಟರ್ ತಾನಾಗಿ ಹುಟ್ಟುತ್ತದೆ. ಇಷ್ಟು ಉದ್ದಕ್ಕೆ ಅದನ್ನು 5 ಪಿಕೋಫ್ಯಾರಡ್ ಅಂತ ಇಟ್ಟುಕೊಳ್ಳಿ. `NRST` ಟ್ರೇಸ್ ಮತ್ತು ಕಾಲು ಸೇರಿ ಗ್ರೌಂಡಿಗೆ 10 ಪಿಕೋಫ್ಯಾರಡ್. `OUT2` 12 ವೋಲ್ಟಿನಿಂದ ಸೊನ್ನೆಗೆ ಬಿದ್ದಾಗ `NRST` ಮೇಲೆ ಬೀಳುವ ಪಾಲು:

```
12 × 5 / (5 + 10) = 4 V
```

3.3 ವೋಲ್ಟಿನಲ್ಲಿದ್ದ ಕಾಲು ಸೊನ್ನೆಗಿಂತಲೂ ಕೆಳಗೆ ಹೋಗುತ್ತದೆ, ಒಳಗಿನ ಡಯೋಡ್ ಅದನ್ನು ಅಲ್ಲಿ ತಡೆಯುತ್ತದೆ. ಮತ್ತೆ ಮೇಲಕ್ಕೆ ಎಳೆಯುವುದು ಚಿಪ್ಪಿನ ಒಳಗಿನ ಸುಮಾರು 40 ಕಿಲೋ ಓಮ್ ರೆಸಿಸ್ಟರ್ ಒಂದೇ. ಅದೂ 15 ಪಿಕೋಫ್ಯಾರಡೂ ಸೇರಿದರೆ 0.6 ಮೈಕ್ರೋಸೆಕೆಂಡ್. ರೀಸೆಟ್ ಅಂತ ಚಿಪ್ ಒಪ್ಪಿಕೊಳ್ಳುವ ಮಟ್ಟ ಸುಮಾರು 1 ವೋಲ್ಟ್. ಅದರ ಕೆಳಗೆ ಕಾಲು ಇರುವುದು 0.3 ಮೈಕ್ರೋಸೆಕೆಂಡಿನ ಆಸುಪಾಸು. ಡೇಟಾಶೀಟ್ ಪ್ರಕಾರ 100 ನ್ಯಾನೋಸೆಕೆಂಡಿಗಿಂತ ಸಣ್ಣ ಬಡಿತವನ್ನು ಚಿಪ್ ಸೋಸಿ ಬಿಡುತ್ತದೆ, 300 ಮೀರಿದರೆ ರೀಸೆಟ್ ಖಂಡಿತ. ನಡುವೆ ಬಂದರೆ ಚಿಪ್ಪಿನ ಮರ್ಜಿ. ಈ ಬೋರ್ಡ್ ಸರಿಯಾಗಿ ಆ ಗಡಿಯ ಮೇಲೆ ನಿಂತಿತ್ತು. ಬ್ಯಾಟರಿ ಪೂರ್ತಿ ಇದ್ದರೆ ಬಡಿತ ದೊಡ್ಡದು, ರೀಸೆಟ್. ಇಳಿದಿದ್ದರೆ ಬಡಿತ ಸಣ್ಣದು, ಒಮ್ಮೊಮ್ಮೆ ಪಾರು.

ಈಗ ಪ್ರೋಬ್ ಇಡಿ. ಹತ್ತು ಪಟ್ಟು ತಗ್ಗಿಸುವ ಮಾಮೂಲಿ ಪ್ರೋಬ್ 12 ಪಿಕೋಫ್ಯಾರಡ್ ಆದರೂ ಸೇರಿಸುತ್ತದೆ. ಆಗ ಪಾಲು `12 × 5 / 27`, ಅಂದರೆ 2.2 ವೋಲ್ಟ್. ಕಾಲು 1.1 ವೋಲ್ಟಿಗೆ ಇಳಿದು ವಾಪಸ್ ಏರುತ್ತದೆ. ರೀಸೆಟ್ ಇಲ್ಲ. ಡಿಬಗ್ಗರ್ ಕೇಬಲ್ ಇನ್ನೂ ಜಾಸ್ತಿ ಸೇರಿಸುತ್ತದೆ. ಅಳೆಯಲು ಹೋದರೆ ಮಾಯವಾಗುವ ದೋಷ ಕಂಡರೆ ಮೊದಲು ಇದನ್ನೇ ಅನುಮಾನಿಸಿ: ಯಾವುದೋ ಲೈನನ್ನು ಬಹಳ ದುರ್ಬಲ ರೆಸಿಸ್ಟರ್ ಹಿಡಿದುಕೊಂಡಿದೆ.

ಹಾಗಾದರೆ ಖಚಿತಪಡಿಸುವುದು ಹೇಗೆ? ಅಳೆಯುವ ಬದಲು ಬಲಪಡಿಸಿ ನೋಡಬೇಕು. `NRST`ಗೂ 3.3 ವೋಲ್ಟಿಗೂ ನಡುವೆ 1 ಕಿಲೋ ಓಮ್ ರೆಸಿಸ್ಟರ್ ತಾತ್ಕಾಲಿಕವಾಗಿ ಹಾಕಿದೆವು. ಈಗ ಕಾಲು ಚೇತರಿಸಿಕೊಳ್ಳಲು ಬೇಕಾದದ್ದು ಸುಮಾರು 15 ನ್ಯಾನೋಸೆಕೆಂಡ್. ರೀಸೆಟ್ ನಿಂತಿತು. ಆಮೇಲೆ ರೆಸಿಸ್ಟರ್ ತೆಗೆದು, ಬಟನ್ ಪಕ್ಕದ ಖಾಲಿ ಜಾಗದಲ್ಲಿ 100 ನ್ಯಾನೋಫ್ಯಾರಡ್ ಬೆಸುಗೆ ಹಾಕಿದೆವು. ಅದರ ಮುಂದೆ 5 ಪಿಕೋಫ್ಯಾರಡ್ ಏನೂ ಅಲ್ಲ, 12 ವೋಲ್ಟಿನ ಜಿಗಿತ ಒಂದು ಮಿಲಿವೋಲ್ಟನ್ನೂ ಮುಟ್ಟುವುದಿಲ್ಲ. ಸಾವಿರ ಮೈಕ್ರೋಫ್ಯಾರಡಿಗೆ ಬಗ್ಗದ ದೋಷ 100 ನ್ಯಾನೋಫ್ಯಾರಡಿಗೆ ಬಗ್ಗಿತು.

ಇರಲಿ ಅಂತ ಅಲ್ಲಿ 10 ಮೈಕ್ರೋಫ್ಯಾರಡ್ ಹಾಕಲು ಹೋಗಬೇಡಿ. 40 ಕಿಲೋ ಓಮ್ ಜೊತೆ ಸೇರಿ ಅದು 0.4 ಸೆಕೆಂಡ್ ಆಗುತ್ತದೆ, ಡಿಬಗ್ಗರ್ ರೀಸೆಟ್ ಮಾಡಿ ಹಿಡಿಯಲು ನೋಡಿದಾಗ ಚಿಪ್ ಸಿಗದೆ ಇನ್ನೊಂದು ತಲೆನೋವು.

ಇನ್ನೊಂದು ದೋಷ, ಈ ಸಲ ನಿಜವಾಗಿ ಪವರಿನದು

ರೋಬೋಟ್ ಎಡಕ್ಕೂ ಬಲಕ್ಕೂ ತಿರುಗತೊಡಗಿತು. ತೋಳು ಎತ್ತಿಸಿದಾಗ ಮಾತ್ರ ಒಮ್ಮೊಮ್ಮೆ ಹಾಗೇ ನಿಂತುಬಿಡುತ್ತಿತ್ತು. ರೀಸೆಟ್ ಕೂಡ ಅಲ್ಲ, ಸುಮ್ನೆ ಹೆಪ್ಪುಗಟ್ಟಿದ ಹಾಗೆ. ಬಟನ್ ಇಲ್ಲದ್ದರಿಂದ ಬ್ಯಾಟರಿ ಕಿತ್ತು ಹಾಕಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಈ ಚಿಪ್ ಹೊಸದಾಗಿ ಬಂದಾಗ ಕಡಿಮೆ ವೋಲ್ಟೇಜಿಗೆ ರೀಸೆಟ್ ಆಗುವ ಕಾವಲು ಆಫ್ ಆಗಿರುತ್ತದೆ. ಸುಮಾರು 1.7 ವೋಲ್ಟಿಗೆ ಇಳಿಯುವವರೆಗೂ ಅದು ಎದ್ದೇ ಇರುತ್ತದೆ. ಆದರೆ 168 ಮೆಗಾಹರ್ಟ್ಸ್‌ನಲ್ಲಿ, 5 ವೇಟ್ ಸ್ಟೇಟ್ ಇಟ್ಟು ಫ್ಲಾಶ್ ಓದಲು 2.7 ವೋಲ್ಟ್ ಆದರೂ ಬೇಕು. ನಡುವಿನ ಜಾಗದಲ್ಲಿ ಚಿಪ್ ತಪ್ಪು ತಪ್ಪು ಓದಿ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಆಪ್ಷನ್ ಬೈಟ್‌ಗಳಲ್ಲಿ `BOR_LEV` ಅನ್ನು ಲೆವೆಲ್ 3ಕ್ಕೆ ಏರಿಸಿದೆವು, ಆಗ ಸುಮಾರು 2.8 ವೋಲ್ಟಿಗೇ ರೀಸೆಟ್ ಆಗುತ್ತದೆ. ತೋಳು ಎತ್ತಿಸಿದಾಗ ಸೀರಿಯಲ್ ಪೋರ್ಟಿನಲ್ಲಿ ಬಂದದ್ದು `06000000`. ಅದು ಕಡಿಮೆ ವೋಲ್ಟೇಜಿನ ಗುರುತು. ಹೆಪ್ಪುಗಟ್ಟುವ ದೋಷ ಈಗ ತನ್ನ ಹೆಸರು ಹೇಳಿತ್ತು.

ಸ್ಕೋಪನ್ನು 5 ವೋಲ್ಟ್ ಲೈನಿಗೆ ಹಾಕಿ, 4.5ಕ್ಕಿಂತ ಕೆಳಗಿಳಿದರೆ ಒಮ್ಮೆ ಹಿಡಿದು ನಿಲ್ಲು ಅಂತ ಇಟ್ಟೆವು. ಎರಡು ಸರ್ವೋ ಒಟ್ಟಿಗೆ ಶುರುವಾದ ಕ್ಷಣ ಲೈನ್ 3.8 ವೋಲ್ಟಿಗೆ ಕುಸಿದು, ಒಂದೆರಡು ಮಿಲಿಸೆಕೆಂಡಿನಲ್ಲಿ ವಾಪಸ್. ಮಲ್ಟಿಮೀಟರಿನಲ್ಲಿ ನೋಡಿದರೆ ಆಗಲೂ 5.0 ಅಂತಲೇ ತೋರಿಸುತ್ತದೆ, ಅಷ್ಟು ಬೇಗ ಅದು ಓದುವುದಿಲ್ಲ. ಇಂಥ ಲೋಹದ ಗೇರಿನ ಸರ್ವೋ ಹೊರಡುವಾಗ ಒಂದೊಂದೂ 2 ಆಂಪಿಯರ್ ಮೀರಿ ಎಳೆಯುತ್ತದೆ. 3 ಆಂಪಿಯರಿನ ಬಕ್ ತನ್ನ ಮಿತಿಗೆ ಬಂದು ಕೈಚೆಲ್ಲುತ್ತದೆ. AMS1117ಗೆ 3.3 ಕೊಡಬೇಕಾದರೆ ಒಳಗೆ ಇನ್ನೊಂದು ವೋಲ್ಟಿಗೂ ಸ್ವಲ್ಪ ಜಾಸ್ತಿ ಬೇಕು, ಅಂದರೆ 4.4 ಅಥವಾ ಅದಕ್ಕೂ ಮೇಲೆ. 3.8 ಕೊಟ್ಟರೆ ಹೊರಗೆ ಬರುವುದು 2.7ರ ಹತ್ತಿರ.

ಇದಕ್ಕೆ ಟ್ರೇಸ್ ದಪ್ಪ ಮಾಡಿ ಪ್ರಯೋಜನವಿಲ್ಲ. ಸದ್ಯಕ್ಕೆ ಎರಡು ಸರ್ವೋಗಳನ್ನು ಒಂದಾದ ಮೇಲೊಂದರಂತೆ ಶುರು ಮಾಡುವ ಹಾಗೆ ಪ್ರೋಗ್ರಾಂ ಬದಲಿಸಿದರು, ರೋಬೋಟ್ ನಡೆಯಿತು. ಸರಿಯಾದ ಪರಿಹಾರ ಸ್ಕೀಮ್ಯಾಟಿಕ್‌ನಲ್ಲೇ ಆಗಬೇಕು: ಪ್ರೊಸೆಸರಿಗೆ ಬ್ಯಾಟರಿಯಿಂದಲೇ ನೇರವಾಗಿ 3.3 ವೋಲ್ಟಿನ ಬೇರೆ ಚಿಕ್ಕ ಬಕ್, ಸರ್ವೋಗೆ ಅದರದೇ 5 ವೋಲ್ಟ್.

ಮುಂದಿನ ಬೋರ್ಡಿನಲ್ಲಿ

ಹೊಸ ಬೋರ್ಡಿನಲ್ಲಿ ಆ ಎರಡು ರೆಗ್ಯುಲೇಟರ್ ಬೇರೆಯಾದವು. ರೀಸೆಟ್ ಬಟನ್ ಅಂಚಿನಿಂದ ಪ್ರೊಸೆಸರಿನ ಪಕ್ಕಕ್ಕೆ ಬಂತು, ಕೆಪಾಸಿಟರ್ 7ನೇ ಕಾಲಿಗೆ ಅಂಟಿಕೊಂಡಂತೆ ಕೂತಿತು. ಪಟ್ಟಿಯಲ್ಲಿ ಅದಕ್ಕೆ "ಹಾಕಬೇಡಿ" ಗುರುತು ಇಲ್ಲ. ಡ್ರೈವರುಗಳನ್ನು ಮೋಟಾರು ಕನೆಕ್ಟರ್ ಕಡೆಗೆ ಮುಖ ಮಾಡಿಸಿ ಇಟ್ಟರು, `OUT1`, `OUT2` ಟ್ರೇಸುಗಳು ಒಳಕ್ಕೆ ಬರದೆ ನೇರ ಅಂಚಿಗೆ ಹೋದವು. `BOOT0`, ಕ್ರಿಸ್ಟಲ್, ಎನ್‌ಕೋಡರ್ ಲೈನುಗಳನ್ನೂ ಒಂದೊಂದಾಗಿ ಬೆಳಗಿಸಿ, ಪಕ್ಕದಲ್ಲಿ ಯಾವುದಿದೆ ಎಂದು ಕಣ್ಣಿನಲ್ಲೇ ನೋಡಿದರು. ಎಡ ಎನ್‌ಕೋಡರಿನ ಒಂದು ಲೈನ್ ಅದೇ ರೀತಿ ಸಿಕ್ಕಿಬಿದ್ದಿತ್ತು, ಅದನ್ನೂ ದೂರ ಸರಿಸಿದರು.

ಪರೀಕ್ಷೆಗೆ ಒಂದು ಎಣಿಕೆ ಇಟ್ಟುಕೊಂಡರು. STM32ನ ಬ್ಯಾಕಪ್ ರಿಜಿಸ್ಟರ್ ರೀಸೆಟ್ ಆದರೂ ಅಳಿಯುವುದಿಲ್ಲ, ಆದ್ದರಿಂದ ಪ್ರತಿ ಸಲ ಎದ್ದಾಗ ಅದಕ್ಕೆ ಒಂದು ಕೂಡಿಸಬಹುದು:

```c
__HAL_RCC_PWR_CLK_ENABLE();
HAL_PWR_EnableBkUpAccess();
RTC->BKP0R++;
```

ಡಿಬಗ್ಗರ್ ಕೇಬಲ್ ಕಿತ್ತು, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಮುಂದೆ ಹಿಂದೆ, ಎಡ ಬಲ, ಜೊತೆಗೆ ತೋಳು ಎತ್ತು ಇಳಿಸು ಅಂತ ಬಿಡಬೇಕು. ಬ್ಯಾಟರಿ ಇಳಿಯುವವರೆಗೆ ಓಡಿಸಿ, ಎಣಿಕೆಯನ್ನು ಸೀರಿಯಲ್ ಪೋರ್ಟಿನಲ್ಲಿ ಓದಿ. ಅದು 1 ಆಗಿದ್ದರೆ ಬೋರ್ಡ್ ಪಾಸ್. ಅದಕ್ಕಿಂತ ಜಾಸ್ತಿ ಇದ್ದರೆ ಪಕ್ಕದಲ್ಲೇ ಮುದ್ರಿಸಿದ `reset:` ಸಂಖ್ಯೆ ಯಾವ ಕಡೆ ಹುಡುಕಬೇಕೆಂದು ಹೇಳುತ್ತದೆ.